ಏಳು ಗಂಟೆಯ ರಿಫ್ರೆಶ್

ಔಷಧಿ ಗೋದಾಮಿನ ಕಂಪ್ಯೂಟರ್ ವಿಭಾಗವೆಂದರೆ ಅವಳೊಬ್ಬಳೇ. ಅವಳನ್ನು ಎಲ್ಲರೂ ಗೇಟ್‌ವೇ ಮೇಡಂ ಎನ್ನುತ್ತಿದ್ದರು, ಅರ್ಧ ಗೌರವ, ಅರ್ಧ ಕೀಟಲೆ.

ಮಾಲಿನ ಲೆಕ್ಕವೆಲ್ಲ ಕೆಳಗಿನ ಕೋಣೆಯ ಸರ್ವರ್‌ನಲ್ಲಿ. ಖರೀದಿ ಮ್ಯಾನೇಜರ್‌ಗಾಗಿ ಅವಧಿ ಮುಗಿಯುತ್ತಿರುವ ಔಷಧಿಗಳನ್ನು ಬಣ್ಣಬಣ್ಣದ ಕಂಬಗಳಾಗಿ ತೋರಿಸುವ ರಿಪೋರ್ಟ್ ಮಾತ್ರ ದೂರದ ಕ್ಲೌಡ್‌ನಲ್ಲಿ. ಹೊರಗಿನವರಿಗೆ ಸರ್ವರ್ ಮುಟ್ಟಲು ಬಿಡುವಂತಿಲ್ಲ. ಆದ್ದರಿಂದ ನಡುವೆ ಗೇಟ್‌ವೇ ಎಂಬ ತಂತ್ರಾಂಶ: ಒಳಗಿನಿಂದಲೇ ಕ್ಲೌಡ್‌ಗೆ ಸಂಪರ್ಕ ಹಿಡಿದು, ಕೇಳಿದಾಗ ಲೆಕ್ಕ ತೆಗೆದು ಮೇಲಕ್ಕೆ ದಾಟಿಸುತ್ತದೆ. ಅದನ್ನು ಯಾರೂ ಲಾಗಿನ್ ಆಗದಿದ್ದರೂ ಓಡುವ ಸರ್ವೀಸ್ ಆಗಿ, ಸದಾ ಚಾಲೂ ಇರುವ ಬೇರೆ ಯಂತ್ರದಲ್ಲಿ ಹಾಕಬೇಕಿತ್ತು. ಯಂತ್ರ ಕೇಳಿದಾಗ ಖರೀದಿ ಮ್ಯಾನೇಜರ್, "ಸದ್ಯಕ್ಕೆ ನಿಮ್ಮದರಲ್ಲೇ ಹಾಕ್ಕೊಳ್ಳಿ, ಆಮೇಲೆ ನೋಡೋಣ" ಎಂದಿದ್ದರು. ಅವಳು ತನ್ನ ಡೆಸ್ಕ್‌ಟಾಪ್‌ನಲ್ಲಿ, ತನ್ನೊಬ್ಬಳ ಖಾತೆಗೆ ಅಂಟಿದ ವೈಯಕ್ತಿಕ ಗೇಟ್‌ವೇ ಹಾಕಿಕೊಂಡಳು. ಸದ್ಯಕ್ಕೆ ಎಂಬುದು ಮದುವೆಯಾದಂತೆ ಕುತ್ತಿಗೆಗೆ ಬಿತ್ತು.

ಯಾಕೆಂದರೆ ಆ ಬಗೆಯ ಗೇಟ್‌ವೇ ಅವಳು ಲಾಗಿನ್ ಆಗಿದ್ದರೆ ಮಾತ್ರ ಬದುಕಿರುತ್ತದೆ. ಪರದೆ ಲಾಕ್ ಮಾಡಬಹುದು, ಯಂತ್ರ ಮಲಗಬಾರದು. ಕರೆಂಟ್ ಹೋಗಿ ಬಂದರೆ, ಅಪ್‌ಡೇಟ್ ಆಗಿ ತಾನೇ ಮರುಚಾಲೂ ಆದರೆ, ಅವಳೇ ಬಂದು ಪಾಸ್‌ವರ್ಡ್ ಹೊಡೆಯಬೇಕು. ಮನೆಯಿಂದಲೇ ಆ ಯಂತ್ರಕ್ಕೆ ಲಾಗಿನ್ ಆಗಲು ಕಂಪನಿಯ ನಿಯಮ ಬಿಡದು. ದಿನಕ್ಕೊಮ್ಮೆ ಹೊಸ ಲೆಕ್ಕ ರಿಪೋರ್ಟಿಗೆ ಏರುವುದೇ ರಿಫ್ರೆಶ್; ಸಾಲಾಗಿ ನಾಲ್ಕು ಸಲ ಅದು ತಪ್ಪಿತೆಂದರೆ ಕ್ಲೌಡ್ ವೇಳಾಪಟ್ಟಿಯನ್ನೇ ರದ್ದು ಮಾಡಿಬಿಡುತ್ತದೆ. ರಿಫ್ರೆಶ್ ಸಂಜೆ ಏಳಕ್ಕೆ, ಬಿಲ್ಲಿಂಗ್ ಮುಗಿದ ಮೇಲೆ. ಆರಕ್ಕೆ ಎಲ್ಲರೂ ಬ್ಯಾಗು ಹೆಗಲಿಗೇರಿಸಿ ಹೊರಟರೆ ಅವಳೊಬ್ಬಳು ಖಾಲಿ ಕುರ್ಚಿಗಳ ನಡುವೆ ಕೂತು ರಿಫ್ರೆಶ್ ಇತಿಹಾಸದ ಪುಟವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. 'ಪೂರ್ಣಗೊಂಡಿದೆ' ಎಂದು ಬಂದರೆ ಎದ್ದು ಹೋಗುವಳು. ರಜೆಯ ದಿನವೂ ಇದೇ. ಮೇನ್ ಸ್ವಿಚ್ಚಿನ ಮೇಲೆ 'ಆರಿಸಬೇಡಿ' ಎಂದು ಅವಳೇ ಬರೆದು ಅಂಟಿಸಿದ್ದಳು. ಕಾವಲುಗಾರ ಅದನ್ನು ದೇವರ ಪಟದಂತೆ ಭಯಭಕ್ತಿಯಿಂದ ನೋಡುತ್ತಿದ್ದ.

ಅಕ್ಕ ಇದ್ದದ್ದು ಪಕ್ಕದ ಊರಿನಲ್ಲಿ. ತಾಯಿ ಹೋದ ಮೇಲೆ ಇವಳಿಗೆ ಜಡೆ ಹೆಣೆದವಳು, ಶಾಲೆಗೆ ಕಳಿಸಿದವಳು ಅವಳೇ. ಅಕ್ಕ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆದಾಗ ಇವಳು ಮಧ್ಯಾಹ್ನ ಹೋಗಿ, ಆಸ್ಪತ್ರೆಯ ಮಂಚದ ತುದಿಯಲ್ಲಿ ಕೂತು, ಏಳರೊಳಗೆ ವಾಪಸ್ ಓಡಿ ಬಂದಿದ್ದಳು. ಆಮೇಲೆ ಅಕ್ಕ ದಿನಾ ಸಂಜೆ ಫೋನ್ ಮಾಡುವಳು.

"ಒಂದೆರಡು ದಿನ ಇದ್ದು ಹೋಗೇ. ಮಾತಾಡೋಕೆ ಯಾರೂ ಇಲ್ಲ."

"ಬರ್ತೀನಕ್ಕ. ಇದೊಂದು ರಿಫ್ರೆಶ್ ಮುಗೀಲಿ."

ರಿಫ್ರೆಶ್ ಮುಗಿಯುವ ವಸ್ತುವೇ? ಸ್ವಲ್ಪ ದಿನಕ್ಕೆ ಅಕ್ಕ ಫೋನ್ ಮಾಡುವುದನ್ನು ಬಿಟ್ಟಳು. ಅದು ಇವಳ ಗಮನಕ್ಕೆ ಬಂತು, ನೋವೂ ಆಯಿತು. ಆದರೆ ಏಳು ಗಂಟೆಯಾಗಿತ್ತು.

ಒಂದು ಬೆಳಗ್ಗೆ ಕ್ಲೌಡ್‌ನಿಂದ ಮೇಲ್ ಬಂದಿತ್ತು. ಓದುವ ಮೊದಲೇ ಗೇಟ್‌ವೇ ನೋಡಿದಳು, ಆನ್‌ಲೈನ್. ಸರ್ವರ್ ನೋಡಿದಳು, ಗುಂಡುಕಲ್ಲಿನಂತಿದೆ. ಆಮೇಲೆ ಮೇಲ್ ಓದಿದಳು. ಎರಡು ತಿಂಗಳಿಂದ ಈ ರಿಪೋರ್ಟನ್ನು ಯಾರೂ ತೆರೆದಿಲ್ಲ, ಆದ್ದರಿಂದ ನಿಗದಿತ ರಿಫ್ರೆಶ್ ನಿಲ್ಲಿಸಲಾಗಿದೆ.

ಯಾರೂ ಎಂದರೆ ಅವಳೂ ಸೇರಿ. ದಿನಾ ನೋಡಿದ್ದು ಇತಿಹಾಸದ ಪುಟವನ್ನು. ರಿಪೋರ್ಟನ್ನು ಒಮ್ಮೆಯೂ ತೆರೆದಿರಲಿಲ್ಲ.

ಖರೀದಿ ಮ್ಯಾನೇಜರ್‌ಗೆ ವರ್ಗವಾಗಿತ್ತು. ಹೊಸಬರು ಚಹಾ ಕುಡಿಯುತ್ತ ಕೇಳಿಸಿಕೊಂಡರು.

"ಅಯ್ಯೋ, ಅದಿನ್ನೂ ಓಡ್ತಿತ್ತಾ? ಯಾವುದರ ಅವಧಿ ಮುಗೀತಿದೆ ಅಂತ ನಾನು ಸ್ಟೋರ್ ಹುಡುಗರನ್ನೇ ಕೇಳಿಬಿಡ್ತೀನಮ್ಮ. ನೀವು ಯಾಕೆ ಸುಮ್ನೆ ಒದ್ದಾಡ್ತೀರಿ?"

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಕುರ್ಚಿಗೆ ಬಂದು ಕೂತಳು. ಸೆಟ್ಟಿಂಗ್‌ನಲ್ಲಿ ಒಂದು ಗುಂಡಿ ಒತ್ತಿದರೆ ವೇಳಾಪಟ್ಟಿ ಮತ್ತೆ ಚಾಲೂ ಆಗುತ್ತದೆ. ಬೆರಳು ಮೌಸಿನವರೆಗೂ ಹೋಯಿತು. ಅದಿಲ್ಲದಿದ್ದರೆ ಏಳು ಗಂಟೆಗೆ ತಾನು ಏನು ಮಾಡುವುದೆಂದು ಅವಳಿಗೆ ನಿಜಕ್ಕೂ ಹೊಳೆಯಲಿಲ್ಲ, ಅದೇ ಅವಳನ್ನು ಹೆದರಿಸಿತು. ಬೆರಳು ಹಿಂತೆಗೆದಳು. ಸಂಜೆ ಆರಕ್ಕೆ ಎಲ್ಲರ ಜೊತೆ ಎದ್ದು ಯಂತ್ರವನ್ನು ಪೂರ್ತಿ ಬಂದ್ ಮಾಡಿದಳು. ಸ್ವಿಚ್ಚಿನ ಮೇಲಿನ ಚೀಟಿ ಕಿತ್ತಳು.

"ಆರಿಸ್ಲಾ ಮೇಡಂ?" ಕಾವಲುಗಾರ ನಂಬಲಾರದೆ ಕೇಳಿದ.

"ಆರಿಸಪ್ಪ."

ಬಸ್ ನಿಲ್ದಾಣದಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದಳು. ತುಂಬಾ ಹೊತ್ತು ರಿಂಗಾಯಿತು.

"ಅಕ್ಕ, ನಾನು. ಬರ್ತಾ ಇದೀನಿ. ಒಂದ್ ವಾರ ಇರ್ತೀನಿ."

ಆ ಕಡೆಯಿಂದ ಅಕ್ಕ ಗಾಬರಿಯಿಂದ ಕೇಳಿದಳು:

"ಏನಾಯ್ತೇ ಪುಟ್ಟಿ? ಕೆಲಸ ಹೋಯ್ತಾ?"