ಮುರಿಯಲಾಗದ ಆರು ಲಕ್ಷ

ಕಲಬುರಗಿಯ ಬೇಳೆ ಮಿಲ್ಲಿನಲ್ಲಿ ಹದಿನಾರು ವರ್ಷ ಗುಮಾಸ್ತಿಕೆ ಮಾಡಿ ಶಿವಲಿಂಗ ಆರು ಲಕ್ಷ ಕೂಡಿಸಿದ್ದ. ಕಮಲಾಪುರದಲ್ಲಿ ನೂರಜಹಾನ್‌ಳ ಹಿಟ್ಟಿನ ಗಿರಣಿಯನ್ನು ಯಂತ್ರ ಸಮೇತ ಬಾಡಿಗೆಗೆ ಹಿಡಿದು ನೌಕರಿಗೆ ಕೊನೆಯ ಸಲಾಂ ಹೊಡೆಯಬೇಕೆಂಬುದು ಅವನ ಆಸೆ. ಠೇವಣಿಗೆ ಎಂಬತ್ತು ಸಾವಿರ, ಆರು ತಿಂಗಳ ಮನೆಖರ್ಚಿಗೆ ಲಕ್ಷದ ಇಪ್ಪತ್ತು ಸಾವಿರ, ಇಷ್ಟು ಉಳಿತಾಯ ಖಾತೆಯಲ್ಲಿ ಕೈಗೆ ಸಿಗುವಂತಿರಬೇಕು. ಉಳಿದ ನಾಲ್ಕು ಲಕ್ಷ ಮುಂದೆ ಹೊಸ ಯಂತ್ರಕ್ಕೆಂದು ಎಫ್‌ಡಿಯಲ್ಲಿ. ಲೆಕ್ಕ ಚೊಕ್ಕವಾಗಿಯೇ ಇತ್ತು.

ಕೆಡಿಸಿದ್ದು ಹೆಂಡತಿ ಕಸ್ತೂರಿಬಾಯಿಯ ಸತ್ಯ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಸುಳ್ಳಾಡಲಾರೆ ಎನ್ನುವ ಪುಣ್ಯಾತ್ಗಿತ್ತಿ ಆಕೆ. ಫೆಬ್ರವರಿಯಲ್ಲಿ ಕಮಲಾಪುರದಿಂದ ಶಿವಲಿಂಗನ ಅಣ್ಣ ಅಣವೀರಪ್ಪ ಬಂದು ಬೋರಿನ ಮೋಟಾರಿಗೆ ಇಪ್ಪತ್ತು ಸಾವಿರ ಕೇಳಿದ.

"ರೊಕ್ಕ ಎಫ್‌ಡಿಯಾಗ ಕುಂತದ ಅಣ್ಣಾ," ಎಂದ ಶಿವಲಿಂಗ.

"ಮುರೀಲಿಕ್ಕೆ ಬರ್ತದಲ್ಲೋ?"

"ಬರ್ತದ್ರಿ ಭಾವಾರ, ಬಡ್ಡಿ ಒಂಚೂರು ಕಮ್ಮಿ ಆಗ್ತದ ಅಷ್ಟ," ಎಂದು ಕಸ್ತೂರಿಬಾಯಿ ಚಹಾ ತಂದಿಟ್ಟಳು.

ಅಣ್ಣ ಚಹಾ ಕುಡಿದು, ಬರಿಗೈಯಲ್ಲೇ ಎದ್ದು ಹೋದ.

ಶಿವಲಿಂಗನಿಗೆ ಮೈಯೆಲ್ಲ ಉರಿಯಿತು. ಹೆಂಡತಿ ನಿಜ ಹೇಳಿದರೂ 'ಇಲ್ಲ' ಎಂದೇ ಆಗುವಂಥ ಜಾಗದಲ್ಲಿ ಹಣವಿರಬೇಕು ಎಂದು ಹಟ ತೊಟ್ಟ. ಬ್ಯಾಂಕಿನ ಫೈಜಾನ್ ತೆರಿಗೆ ಉಳಿಸುವ ಐದು ವರ್ಷದ ಎಫ್‌ಡಿ ತೋರಿಸಿ ಎಚ್ಚರಿಸಿದ: "ನಡುವ ಮುರೀಲಿಕ್ಕೆ ಬರಂಗಿಲ್ರಿ. ಇದರ ಮ್ಯಾಲ ಸಾಲಾನೂ ಸಿಗಂಗಿಲ್ಲ."

"ಅದ ಬೇಕಾಗಿದ್ದು!" ಎಂದು ಶಿವಲಿಂಗ ಕುರ್ಚಿಯಿಂದ ಎದ್ದೇಬಿಟ್ಟ.

ಒಬ್ಬರ ಹೆಸರಿಗೆ ವರ್ಷಕ್ಕೆ ಒಂದೂವರೆ ಲಕ್ಷವೇ ಮಿತಿ. ಮಾರ್ಚ್ ಕೊನೆಗೆ ಗಂಡನದೊಂದು, ಹೆಂಡತಿಯದೊಂದು. ಹೊಸ ಹಣಕಾಸು ವರ್ಷ ಹುಟ್ಟುತ್ತಲೇ ಏಪ್ರಿಲ್‌ನಲ್ಲಿ ಮತ್ತೆರಡು. ಹಳೆ ಎಫ್‌ಡಿಯದಷ್ಟೇ ಅಲ್ಲ, ಠೇವಣಿ, ಮನೆಖರ್ಚಿನ ದುಡ್ಡೂ ಸೇರಿ ಆರು ಲಕ್ಷವೂ ಒಳಗೆ ಹೋಯಿತು. ಶಿವಲಿಂಗ ಆ ತಿಂಗಳು ಚೆನ್ನಾಗಿ ನಿದ್ದೆ ಮಾಡಿದ.

ಮೇ ತಿಂಗಳಲ್ಲಿ ನೂರಜಹಾನ್‌ಳ ಫೋನ್ ಬಂತು: "ಐತವಾರದೊಳಗ ಠೇವಣಿ ತಂದ್ರ ಗಿರಣಿ ನಿಮ್ದ್ರಿ. ಇಲ್ಲಂದ್ರ ಬ್ಯಾರೆಯವ್ರು ನಿಂತಾರ." ಖುಷಿಯ ಭರದಲ್ಲಿ ಶಿವಲಿಂಗ ಮೊದಲು ಮಿಲ್ಲಿಗೆ ರಾಜೀನಾಮೆ ಕೊಟ್ಟ, ಆಮೇಲೆ ಹೆಂಡತಿಯೊಂದಿಗೆ ಬ್ಯಾಂಕಿಗೆ ಓಡಿದ.

"ರೊಕ್ಕ ತಗೀಲಿಕ್ಕೆ ಯಾವ ದಾರೀನೂ ಇಲ್ಲೇನ್ರಿ?" ಎಂದ ಶಿವಲಿಂಗ.

"ಒಂದದ," ಫೈಜಾನ್ ತಲೆ ಕೆರೆದುಕೊಂಡ. "ಖಾತೆದಾರ ಸತ್ತರ ನಾಮಿನಿಗೆ ಕೊಡ್ತೀವ್ರಿ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ನೋಟ ಯಾಕೋ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

ಶನಿವಾರ ಕಮಲಾಪುರದಲ್ಲಿ, ಅಣ್ಣನ ಕಟ್ಟೆಯ ಮೇಲೆ, ಶಿವಲಿಂಗ ತಲೆ ತಗ್ಗಿಸಿಕೊಂಡೇ ಗಿರಣಿಯ ಗಡುವನ್ನೂ ದುಡ್ಡು ಸಿಕ್ಕಿಕೊಂಡದ್ದನ್ನೂ ಹೇಳಿದ. ಅಣವೀರಪ್ಪ ಒಳಗೆ ಹೋಗಿ ತೊಗರಿ ಮಾರಿದ ದುಡ್ಡು ತಂದ. ಎಂಬತ್ತು ಸಾವಿರ, ಟವೆಲಿನಲ್ಲಿ ಸುತ್ತಿದ್ದು.

"ಆರು ತಿಂಗಳು ಜ್ವಾಳಾ, ಬ್ಯಾಳಿ ಇಲ್ಲಿಂದ ಒಯ್ರಿ. ಗಿರಣಿ ನಡೀಲಿ ಮೊದ್ಲು."

ಕಸ್ತೂರಿಬಾಯಿಗೆ ತಡೆಯಲಾಗಲಿಲ್ಲ. "ಭಾವಾರ, ನಿಮಗ ಕೊಡಬಾರ್ದಂತನ ಆ ರೊಕ್ಕಕ್ಕ ಕೀಲಿ ಹಾಕಿದ್ವಿ."

"ಗೊತ್ತದವ್ವಾ," ಎಂದ ಅಣವೀರಪ್ಪ, ಟವೆಲನ್ನು ತಮ್ಮನ ಮುಂದೆ ಸರಿಸುತ್ತ. "ಎಣಿಸ್ಕೋ ತಮ್ಮಾ."

ಶಿವಲಿಂಗ ಹದಿನಾರು ವರ್ಷ ಮಂದಿಯ ದುಡ್ಡು ಎಣಿಸಿದವನು. ಆವತ್ತು ಮಾತ್ರ ಅಣ್ಣ ಫೆಬ್ರವರಿಯಲ್ಲಿ ಕೇಳಿದ್ದ ಇಪ್ಪತ್ತು ಸಾವಿರವನ್ನು ಅವನ ಲೆಕ್ಕ ದಾಟಲಿಲ್ಲ.