ದವಡೆಯ ಗಂಟು, ಕೊರಳಿನ ಗಂಟು

ಬಂಗಾರಪೇಟೆಯ ಸ್ಕ್ಯಾನಿಂಗ್ ಸೆಂಟರ್ ಒಂದರಲ್ಲಿ ನಾನು ಹನ್ನೊಂದು ವರ್ಷದಿಂದ ರಿಪೋರ್ಟ್ ಟೈಪ್ ಮಾಡುತ್ತಿದ್ದೇನೆ. ಡಾಕ್ಟರ್ ಸುಮಿತಾ ಸ್ಕ್ಯಾನ್ ಮಾಡುತ್ತಾ ಹೇಳುತ್ತಾರೆ, ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ. ಅವರು ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನಲ್ಲಿ ಬೆಳೆದವರು. ಬಂದವರು ಕನ್ನಡ, ತಮಿಳು, ತೆಲುಗು ಯಾವುದರಲ್ಲಿ ಮಾತಾಡಿದರೂ ಅದರಲ್ಲೇ ಉತ್ತರ ಕೊಡುತ್ತಾರೆ.

ಕಳೆದ ವರ್ಷ ಶ್ರಾವಣದಲ್ಲಿ ಬೂದಿಕೋಟೆಯಿಂದ ಕನಕಮ್ಮ ಬಂದರು, ಜೊತೆಗೆ ಗಂಡ ಮುನೀಂದ್ರ. ನಲವತ್ತೆರಡರ ಹೆಂಗಸು. ಬಲದವಡೆಯ ಕೆಳಗೆ ಮೂರು ವಾರದಿಂದ ಗಂಟು. ಅಕ್ಕಪಕ್ಕದವರು ಏನೇನೋ ಹೇಳಿ ಹೆದರಿಸಿದ್ದರಿಂದ ಎರಡು ದಿನ ಸರಿಯಾಗಿ ಉಂಡಿರಲಿಲ್ಲವಂತೆ.

ಸುಮಿತಾ ಕನಕಮ್ಮನ ಹೆಗಲ ಕೆಳಗೆ ದಿಂಬಿಟ್ಟು, ಕತ್ತು ಚಾಚಿಸಿ ಮಲಗಿಸಿದರು. ಜೆಲ್ಲಿ ಹಚ್ಚಿ ದವಡೆಯ ಗಂಟನ್ನು ನೋಡಿದರು. ಉದ್ದ ಇಪ್ಪತ್ತೆರಡು ಮಿಲಿಮೀಟರ್, ಅಗಲ ಒಂಬತ್ತು. ಅವರೆಕಾಳಿನಂಥ ಆಕಾರ, ನಟ್ಟನಡುವೆ ಕೊಬ್ಬಿನ ಬಿಳಿ ಪಟ್ಟೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದಾಗ ರಕ್ತ ಆ ನಡುವಿನಿಂದಲೇ ಒಳಹೊಕ್ಕು ಟಿಸಿಲೊಡೆದಿತ್ತು. ಬಾಯಿ ತೆರೆಸಿದರು. ಅದೇ ಕಡೆ ಹುಳುಕು ಹಲ್ಲು, ಒಸಡು ಊದಿತ್ತು. ಹಲ್ಲಿನ ಸೋಂಕಿಗೆ ಊದಿಕೊಂಡ ಗಂಟು, ಹೆದರಬೇಡಿ ಎಂದರು. ಕನಕಮ್ಮನ ಕಣ್ಣಲ್ಲಿ ನೀರು ಬಂತು.

ಆಕೆಯನ್ನು ಕಳಿಸಿದ ಡಾಕ್ಟರ ಚೀಟಿಯಲ್ಲಿ ಕೇಳಿದ್ದು ಅಷ್ಟೇ. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. ನಾನು ಪ್ರಿಂಟ್ ಕೊಡಲು ಸಿದ್ಧಳಾಗಿದ್ದೆ. ಆದರೆ ಕತ್ತಿನ ಸ್ಕ್ಯಾನ್ ಎಂದರೆ ಇಡೀ ಕತ್ತು ಎನ್ನುವುದು ಸುಮಿತಾ ಅವರ ಪದ್ಧತಿ. ಅವರ ಕೈಯಲ್ಲಿದ್ದ ಪ್ರೋಬ್ ಕತ್ತಿನ ಮೇಲೆ ನಿಧಾನವಾಗಿ ಕೆಳಗಿಳಿಯಿತು. ಬಲಗಡೆ ಕೊರಳೆಲುಬಿನ ಮೇಲೆ ಅದು ನಿಂತಿತು.

ಅಲ್ಲೊಂದು ಪುಟ್ಟ ಗಂಟು, ಎಂಟು ಮಿಲಿಮೀಟರಿಗೆ ಏಳು. ಕೈಗೆ ಸಿಗುವಂಥದ್ದಲ್ಲ. ಅದು ಗುಂಡಗಿತ್ತು, ನಡುವೆ ಬಿಳಿ ಪಟ್ಟೆ ಇರಲಿಲ್ಲ. ಒತ್ತಿದರೆ ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ ಎಂದು ಅವರು ಕೈ ಹಗುರ ಮಾಡಿ ಡಾಪ್ಲರ್ ಹಾಕಿದರು. ರಕ್ತ ಅಂಚಿನಿಂದ ಒಳಗೆ ನುಗ್ಗುತ್ತಿತ್ತು. ಗಂಟಿನೊಳಗೆ ಎರಡು ಮೂರು ಬಿಳಿ ಚುಕ್ಕಿ. ಇವು ಯಾವುವೂ ಒಳ್ಳೆಯ ಗುರುತಲ್ಲ. ಥೈರಾಯ್ಡ್ ನೋಡಿದರೆ ಅದರ ಬಲಭಾಗದಲ್ಲೂ ಅಂಚು ಸರಿಯಿಲ್ಲದ ಒಂದು ಸಣ್ಣ ಗಡ್ಡೆ.

ಈ ಪುಟ್ಟ ಗಂಟು ಏನೆಂದು ಬರೀ ನೋಡಿ ಹೇಳಲಾಗುವುದಿಲ್ಲ, ಅದಕ್ಕೆ ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕು, ರಿಸಲ್ಟ್ ತಂದು ತೋರಿಸಿ ಎಂದು ಅವರು ಇಬ್ಬರಿಗೂ ಬಿಡಿಸಿ ಹೇಳಿದರು.

ಹತ್ತು ದಿನಕ್ಕೆ ಗಂಡ ಹೆಂಡತಿ ನಗುತ್ತಾ ಬಂದರು. ಬೇರೆಲ್ಲೋ ಸೂಜಿ ಹಾಕಿಸಿದ್ದರು. ಸೋಂಕಿನ ಊತ ಅಷ್ಟೇ ಎಂದು ರಿಪೋರ್ಟಿನಲ್ಲಿತ್ತು. ಸುಮಿತಾ ಎರಡು ಸಲ ಓದಿ, ಸೂಜಿ ಎಲ್ಲಿ ಹಾಕಿದರು ಎಂದು ಕೇಳಿದರು. ಕನಕಮ್ಮ ದವಡೆ ಮುಟ್ಟಿ ತೋರಿಸಿದರು.

"ರಿಪೋರ್ಟ್ ಸರಿಯಾಗಿದೆ ಕನಕಮ್ಮ. ಆದರೆ ನಾನು ಕೇಳಿದ ಗಂಟಿಂದಲ್ಲ."

ಮುನೀಂದ್ರನ ಹುಬ್ಬು ಗಂಟಿಕ್ಕಿತು. "ಏನಮ್ಮಾ ಇದು. ಕಣ್ಣಿಗೆ ಕಾಣೋ ಅಷ್ಟ್ ದೊಡ್ಡುದು ಏನೂ ಅಲ್ಲ ಅಂತೀರ, ಕೈಗೇ ಸಿಗ್ದಿರೋದು ಕೆಟ್ಟುದು ಅಂತೀರ. ಎಂಗ್ ನಂಬೋದು?"

ಸುಮಿತಾ ಬೇಸರ ಮಾಡಿಕೊಳ್ಳಲಿಲ್ಲ. ಉಳಿಸಿಟ್ಟಿದ್ದ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಹಾಕಿ, ಆತನನ್ನು ಹತ್ತಿರ ಕರೆದರು. ಎಷ್ಟು ದೊಡ್ಡದು ಅನ್ನುವುದಕ್ಕಿಂತ ಹೇಗಿದೆ ಅನ್ನುವುದು ಮುಖ್ಯ ಎಂದು ಆಕಾರ, ನಡುವಿನ ಕೊಬ್ಬು, ರಕ್ತದ ದಾರಿ ಒಂದೊಂದನ್ನೂ ಬೆರಳಿಟ್ಟು ತೋರಿಸಿದರು. "ನನ್ನ ಅನುಮಾನ ತಪ್ಪಾದರೆ ನನಗಿಂತ ಹೆಚ್ಚು ಸಂತೋಷ ಪಡುವವರು ಯಾರೂ ಇಲ್ಲ. ಆದರೆ ನೋಡದೆ ಬಿಡಬಾರದು."

ಆತ ಪರದೆಗೆ ಬಗ್ಗಿ ಎರಡೂ ಗಂಟನ್ನು ಮತ್ತೆ ಮತ್ತೆ ಹೋಲಿಸಿ ನೋಡಿದ. ಕೊನೆಗೆ ಕನಕಮ್ಮನೇ, "ಆಕ್ಲಿ ಬಿಡು, ಇನ್ನೊಂದ್ ಸೂಜಿ ತಾನೆ" ಎಂದರು.

ಕನಕಮ್ಮನನ್ನು ಕಳಿಸಿದ್ದ ಡಾಕ್ಟರಿಗೆ ಸುಮಿತಾ ಫೋನ್ ಮಾಡಿ ಒಪ್ಪಿಗೆ ಪಡೆದು, ಪರದೆಯ ಮೇಲೆ ಸೂಜಿಯ ತುದಿ ನೋಡಿಕೊಂಡೇ ಆ ಪುಟ್ಟ ಗಂಟಿನಿಂದ ತಾವೇ ಮಾದರಿ ತೆಗೆದರು. ರಿಸಲ್ಟ್ ಬಂತು: ಥೈರಾಯ್ಡ್ ಕ್ಯಾನ್ಸರ್, ಕತ್ತಿನ ಗಂಟಿಗೆ ಹರಡಿದೆ. ಅವತ್ತು ಅವರು ದಂಪತಿಯನ್ನು ಒಳಗೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಇದು ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಜಾತಿ ಎಂದರು. ಮುನೀಂದ್ರ ಹೆಂಡತಿಯ ಕೈ ಬಿಡಲೇ ಇಲ್ಲ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಆಮೇಲೆ ಅಯೋಡಿನ್ ಚಿಕಿತ್ಸೆ. ಈಗ ದಿನಾ ಬೆಳಿಗ್ಗೆ ಒಂದು ಮಾತ್ರೆ.

ಈ ಜೂನ್‌ನಲ್ಲಿ ಮರುಪರೀಕ್ಷೆಗೆ ಬಂದರು. ಸುಮಿತಾ ಇಪ್ಪತ್ತು ನಿಮಿಷ ಹುಡುಕಿದರು. ಅನುಮಾನಪಡುವಂಥದ್ದು ಏನೂ ಇರಲಿಲ್ಲ. ನಾನು ಅಷ್ಟು ಖುಷಿಯಿಂದ ಟೈಪ್ ಮಾಡಿದ ರಿಪೋರ್ಟ್ ಇನ್ನೊಂದಿಲ್ಲ.

ಕನಕಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಅಂದರು: "ಅವತ್ತು ನೀವು ದವಡೆ ಒಂದೇ ನೋಡಿ ಕಳ್ಸಿದ್ರೂ ನಾನು ಕೈ ಮುಗ್ದೇ ಓಯ್ತಿದ್ದೆ ಡಾಕ್ಟ್ರಮ್ಮಾ."

ಸುಮಿತಾ ಆಕೆಯ ಕತ್ತಿಗೆ ಅಂಟಿದ್ದ ಜೆಲ್ಲಿಯನ್ನು ತಾವೇ ಒರೆಸಿ, ಮುಂದಿನವರನ್ನು ಕರೆಯಲು ನನಗೆ ಸನ್ನೆ ಮಾಡಿದರು.