ಫ್ರೀ ಮಾಡಿ ನಲ್ ಹಾಕಿದ ಮೇಲೆ

ಸಂದರ್ಶನಕ್ಕೆ ಬರುವವರು ಯಾರೆಂದು ಮ್ಯಾನೇಜರ್ ನನಗೆ ಹೇಳಿರಲಿಲ್ಲ. "ಅನುಭವಸ್ಥರು. ಸಿ ಪ್ರೋಗ್ರಾಮಿಂಗ್ ಭಾಷೆಯ ಪ್ರಶ್ನೆಗಳನ್ನ ನೀನೇ ಕೇಳು" ಎಂದಿದ್ದರಷ್ಟೆ. ಬಾಗಿಲು ತೆರೆದುಕೊಂಡು ಮೇಷ್ಟ್ರು ಒಳಗೆ ಬಂದರು.

"ಅಯ್ಯೋ ಗುಬ್ಬಿ! ನನ್ನ ಪರೀಕ್ಷೆ ಮಾಡೋಳು ನೀನಾ?"

ನಾನು ತಟ್ಟನೆ ಎದ್ದು ನಿಂತೆ. ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದವಳನ್ನು ತಮ್ಮ ಕಂಪ್ಯೂಟರ್ ಕ್ಲಾಸಿಗೆ ಕರೆದು, ಪಾಯಿಂಟರ್ ಎಂದರೆ ಮೆಮೊರಿಯ ಒಂದು ಜಾಗದ ವಿಳಾಸವೆಂದು ಕಲಿಸಿದವರು ಅವರು. ಆ ಕ್ಲಾಸು ಈಗ ಮುಚ್ಚಿದೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಮೊನ್ನೆ ಅಂಗಡಿ ಮುಂದೆ ಸಿಕ್ಕಾಗ, "ಎಲ್ಲಾದ್ರೂ ಒಂದು ಕೆಲ್ಸ ಸಿಕ್ಕಿದ್ರೆ ಸಾಕಿತ್ತು ಕಣೆ. ಮನೇಲಿ ಕೂತೂ ಕೂತೂ ಮಾತೇ ಬಿಟ್ಟುಬಿಟ್ಟಿದಾರೆ" ಎಂದಿದ್ದರು.

ನಾವು ಮಾಡುವುದು ಆಸ್ಪತ್ರೆಯ ಪಂಪು. ಹಾಸಿಗೆಯ ಪಕ್ಕದಲ್ಲಿ ನಿಂತು, ಮಲಗಿದವರ ನರದೊಳಕ್ಕೆ ಔಷಧಿಯನ್ನು ಅಳತೆ ಮಾಡಿ ತಳ್ಳುತ್ತದೆ. ಅದರೊಳಗಿನ ಪ್ರೋಗ್ರಾಮು ಪೂರ್ತಿ ಸಿ.

ಮೊದಲು ಸುಲಭದ್ದನ್ನೇ ಕೇಳಿದೆ: ಯಾವುದು ಮೆಮೊರಿಯಲ್ಲಿ ಎಲ್ಲಿರುತ್ತದೆ? ಅವರು ಬೋರ್ಡಿನ ಮೇಲೆ ಉದ್ದನೆಯ ಪೆಟ್ಟಿಗೆ ಬರೆದು ಗೆರೆ ಎಳೆದರು. ಫಂಕ್ಷನ್ನಿನ ಒಳಗಿನ ಸಾಮಾನ್ಯ ವೇರಿಯಬಲ್, ಫಂಕ್ಷನ್ ಮುಗಿದೊಡನೆ ತೆರವಾಗುವ ಸ್ಟ್ಯಾಕಿನಲ್ಲಿ, ಮ್ಯಾಲಾಕ್ ಎಂದು ಕೇಳಿ ಪಡೆದ ಜಾಗ ನಾವೇ ಬಿಡುವವರೆಗೆ ಉಳಿಯುವ ಹೀಪಿನಲ್ಲಿ, ಸ್ಟ್ಯಾಟಿಕ್ ಆದದ್ದು ಕೊನೆವರೆಗೂ ತನ್ನ ಜಾಗದಲ್ಲೇ. ಕೈ ಎಲ್ಲೂ ತಡೆಯಲಿಲ್ಲ.

"ಫಂಕ್ಷನ್ ತನ್ನೊಳಗಿನ ಅರೇಯ ವಿಳಾಸವನ್ನ ಹೊರಗೆ ಕೊಟ್ರೆ?"

"ತಟ್ಟೆ ಎತ್ತಿದ ಮೇಲೆ ತುತ್ತಿಗೆ ಕೈ ಚಾಚಿದ ಹಾಗೆ. ಒಂದೊಂದ್ಸಲ ತುತ್ತು ಸಿಕ್ಕಿಯೂ ಬಿಡುತ್ತೆ, ಸರಿಯಾಗೇ ಇದೆ ಅನ್ಸುತ್ತೆ. ಆಮೇಲೆ ನೋಡಿದ್ರೆ ಇನ್ಯಾರದೋ ಎಂಜಲು!"

ಮ್ಯಾನೇಜರ್ ಜೋರಾಗಿ ನಕ್ಕು ನನ್ನ ಕಡೆ ಹುಬ್ಬು ಹಾರಿಸಿದರು. ಅವರ ಮಟ್ಟಿಗೆ ಕೆಲಸ ಆದಂತೆಯೇ.

ಕೊನೆಯದಾಗಿ ಬರೆಯಲು ಕೊಟ್ಟೆ. ಒಂದು ಸಂದೇಶಕ್ಕೆ ಮ್ಯಾಲಾಕ್‌ನಿಂದ ಜಾಗ ಪಡೆಯಬೇಕು, ಅದನ್ನು ಬಿಟ್ಟುಕೊಡಲು ಬೇರೆಯೇ ಒಂದು ಫಂಕ್ಷನ್ ಇರಬೇಕು. ನಡುವೆ ತೊಂದರೆಯಾದರೆ ತಕ್ಷಣ ಬಿಡಬೇಕು, ಆದರೆ ಎರಡು ಸಲ ಬಿಡಬಾರದು, ಬಿಟ್ಟರೆ ಪ್ರೋಗ್ರಾಮೇ ಕೆಟ್ಟು ನಿಲ್ಲಬಹುದು.

ಬಿಡುವ ಫಂಕ್ಷನ್ನಿಗೆ ಅವರು ಪಾಯಿಂಟರನ್ನು ಕೊಟ್ಟು, ಒಳಗೆ free(p); p = NULL; ಎಂದು, ಅಂದರೆ ಜಾಗ ಬಿಟ್ಟು ಪಾಯಿಂಟರನ್ನು ಖಾಲಿ ಮಾಡುವಂತೆ, ಬರೆದರು. ತೊಂದರೆಯಾದಲ್ಲಿ ಅದನ್ನು ಕರೆದರು. ಕೊನೆಯಲ್ಲಿ, ಪಾಯಿಂಟರ್ ನಲ್ ಆಗಿರದಿದ್ದರೆ ಮಾತ್ರ ಮತ್ತೆ ಕರೆದರು.

"ಫ್ರೀ ಮಾಡಿದ ಕೂಡಲೇ ನಲ್ ಹಾಕು. ನೆನಪಿದೆಯಾ, ಗುಬ್ಬಿ?"

"ಇದೆ ಸಾರ್" ಎಂದೆ. ಕಣ್ಣು ಬೋರ್ಡಿನ ಮೇಲೇ ಇತ್ತು.

"ಚೆನ್ನಾಗಿದೆ. ಇನ್ನೇನೂ ಕೇಳೋದಿಲ್ಲ ಅಲ್ವಾ?" ಎಂದು ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದರು.

ನಾನು ಸುಮ್ಮನಿದ್ದಿದ್ದರೆ ಅಷ್ಟೇ ಆಗುತ್ತಿತ್ತು. ಆ ಸಾಲುಗಳು ನಮ್ಮ ಪಂಪಿನೊಳಗೆ ಕೂತ ಹಾಗೆ ಕಣ್ಣಿಗೆ ಕಟ್ಟಿದವು.

"ಸಾರ್, ಒಳಗೆ ನಲ್ ಹಾಕಿದ್ರಿ. ಅದನ್ನ ಕರೆದ ಫಂಕ್ಷನ್ ಕೈಲಿ ಏನು ಉಳೀತು?"

"ನಲ್ ಉಳೀತು. ಇನ್ನೇನು ಉಳಿಯುತ್ತೆ?"

"ಹೊರಗಿನ ಪಾಯಿಂಟರಿಗೆ, ಒಳಗಿನ ಪಾಯಿಂಟರಿಗೆ ಒಂದೊಂದು ಪೆಟ್ಟಿಗೆ ಬರೀತೀರಾ?"

"ನನಗೇ ಪೆಟ್ಟಿಗೆ ಬರೆಸ್ತೀಯಲ್ಲಮ್ಮ! ಕೋಳಿ ಮರಿ ಕೋಳಿಗೇ ಕೆರೆಯೋದು ಕಲಿಸ್ತಂತೆ." ನಗುತ್ತಲೇ ಅಂದರು, ಬರೆಯಲಿಲ್ಲ.

ನಾನೇ ಎದ್ದು ಬರೆದೆ. ಕರೆದ ಫಂಕ್ಷನ್ನಿನ ಪೆಟ್ಟಿಗೆಯಲ್ಲಿ ಒಂದು ವಿಳಾಸ. ಬಿಡುವ ಫಂಕ್ಷನ್ನಿನ ಪೆಟ್ಟಿಗೆಯಲ್ಲಿ ಅದರ ನಕಲು. ನಕಲನ್ನು ಮಾತ್ರ ಒರೆಸಿ ನಲ್ ಎಂದು ಬರೆದೆ. ಕರೆದ ಕಡೆಯ ಪೆಟ್ಟಿಗೆಯಲ್ಲಿ ಬಿಟ್ಟುಕೊಟ್ಟ ಜಾಗದ ವಿಳಾಸ ಹಾಗೇ ಇತ್ತು. ಅದು ನಲ್ ಅಲ್ಲದ್ದರಿಂದ ಕೊನೆಯ ಪರೀಕ್ಷೆಯನ್ನು ದಾಟಿ, ಎರಡನೇ ಸಲ ಫ್ರೀ ಆಗುತ್ತಿತ್ತು.

ಮೇಷ್ಟ್ರ ನಗು ಹೋಯಿತು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಪಾಯಿಂಟರಿನ ಬದಲು ಪಾಯಿಂಟರಿನ ವಿಳಾಸವನ್ನೇ ಕಳಿಸುವಂತೆ ಎರಡು ನಕ್ಷತ್ರದ ಗುರುತು ಹಾಕಿ ತಿದ್ದಿದರು. ಸರಿಯಾಗಿತ್ತು.

ಅವರನ್ನು ಹೊರಗೆ ಕೂರಿಸಿ ಬಂದ ಮ್ಯಾನೇಜರ್ ಕೇಳಿದರು, "ಕೊನೆಗೆ ಸರಿ ಮಾಡಿದ್ರಲ್ಲ? ನಿಮ್ಮ ಗುರುಗಳಂತೆ ಬೇರೆ. ನೀನು ಹ್ಞೂಂ ಅಂದ್ರೆ ತಗೊಳ್ತೀನಿ. ಪಂಪಿನ ಕೋಡನ್ನ ಇವರೊಬ್ಬರೇ ನೋಡ್ಕೋಬೇಕು, ಪಕ್ಕದಲ್ಲಿ ಯಾರೂ ಇರಲ್ಲ."

ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತೆ. "ನಾನು ತೋರಿಸಿದ ಮೇಲೆ ಕಂಡಿದ್ದು ಸಾರ್" ಎಂದೆ. "ಒಬ್ಬರೇ ಅಂದ್ರೆ... ಬೇಡ."

ಮೇಷ್ಟ್ರಿಗೆ ವಿಷಯ ತಿಳಿಸಿದವರು ಮ್ಯಾನೇಜರ್. ಮೆಟ್ಟಿಲ ತನಕ ನಾನು ಹಿಂದೆ ಹೋದೆ.

"ನಿಮ್ಮಕ್ಕನಿಗೆ ಫೋನ್ ಗೀನ್ ಮಾಡ್ಬೇಡ. ನಾನೇ ಹೇಳ್ಕೊಳ್ತೀನಿ." ಕೆಳಗಿನ ಮೆಟ್ಟಿಲನ್ನೇ ನೋಡುತ್ತಾ ಅಂದರು.

ನಾನು ತಲೆಯಾಡಿಸಿದೆ.

"ಕ್ಲಾಸಲ್ಲಿ ಹೀಗೇ ಹೇಳ್ಕೊಟ್ಟಿದ್ನಾ?"

"ಇಲ್ಲ ಸಾರ್. ಅಲ್ಲಿ ಎಲ್ಲಾ ಒಂದೇ ಫಂಕ್ಷನ್ ಒಳಗಿತ್ತು. ಅದು ಸರಿಯಾಗೇ ಇತ್ತು."

"ಬೇರೆ ಫಂಕ್ಷನ್‌ಗೆ ಕೊಟ್ರೆ ಏನಾಗುತ್ತೆ ಅಂತ ಯಾರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

"ನನಗೆ ಭಯ ಸಾರ್, ಕೇಳೋಕೆ."

"ಇವತ್ತು ಕೇಳ್ದೆ" ಎಂದರು. ಮೆಚ್ಚಿಕೊಂಡರೋ ಬೇಸರಪಟ್ಟರೋ, ದನಿಯಲ್ಲಿ ತಿಳಿಯಲಿಲ್ಲ. ಕಂಬಿ ಹಿಡಿದುಕೊಂಡು ಇಳಿದು ಹೋದರು.